ಭಾನುವಾರದ ಕೊಳಚೆ ನೀರು ಮತ್ತು ಮುನ್ನೋಟದ ನಿಯಂತ್ರಣ

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ? ಬೆಂಗಳೂರಿನ ಪಶ್ಚಿಮ ಭಾಗದ ಇಳಿಜಾರು ವೃಷಭಾವತಿ ಕಣಿವೆಯ ಕಡೆಗಿದೆ. ಒಳಚರಂಡಿಯ ಕೊಳವೆಗಳು ಅದೇ ಇಳಿಜಾರನ್ನು ಅನುಸರಿಸುತ್ತವೆ. ಮೈಸೂರು ರಸ್ತೆಯ ಬದಿಯಲ್ಲಿ ಜಲಮಂಡಳಿಯ ದೊಡ್ಡ ಸಂಸ್ಕರಣಾ ಘಟಕವಿದೆ. ಕೆಂಗೇರಿಯ ಆಸುಪಾಸಿನ ದೊಡ್ಡ ವಸತಿ ಸಮುಚ್ಚಯಗಳಲ್ಲಿ ಚಿಕ್ಕ ಘಟಕಗಳೂ ಇವೆ. ಸಂಸ್ಕರಣೆಯಿಲ್ಲದೆ ಉಕ್ಕಿ ಹೊರಬಿದ್ದ ನೀರು ಕೊನೆಗೆ ಸೇರುವುದು ವೃಷಭಾವತಿಯನ್ನೇ; ಅಲ್ಲಿಂದ ಬಿಡದಿಯ ಬಳಿಯ ಬೈರಮಂಗಲ ಕೆರೆಯನ್ನು.

ಇಂಥ ಘಟಕಕ್ಕೆ ದಿನವಿಡೀ ಒಂದೇ ಸಮನಾಗಿ ನೀರು ಬರುವುದಿಲ್ಲ. ನಸುಕಿನಲ್ಲಿ ಹರಿವು ಕಡಿಮೆ. ಜನ ಎದ್ದು ಸ್ನಾನ, ಅಡುಗೆ, ಬಟ್ಟೆ ಒಗೆತ ಶುರುಮಾಡಿದ ಮೇಲೆ ಅದು ನಾಲ್ಕೈದು ಪಟ್ಟು ಏರುತ್ತದೆ. ಭಾನುವಾರವಾದರೆ ಈ ಏರಿಕೆ ಸ್ವಲ್ಪ ತಡವಾಗಿ ಬಂದು ಹೆಚ್ಚು ಹೊತ್ತು ನಿಲ್ಲುತ್ತದೆ. ಆದರೆ ಕೊಳೆಯನ್ನು ತಿಂದು ನೀರನ್ನು ಶುದ್ಧಗೊಳಿಸುವ ಬ್ಯಾಕ್ಟೀರಿಯಾಗಳಿಗೆ ಇಂಥ ಏರಿಳಿತ ಒಗ್ಗುವುದಿಲ್ಲ. ಅದಕ್ಕಾಗಿ ಮೊದಲಿಗೆ ಒಂದು ಸಮೀಕರಣ ತೊಟ್ಟಿ ಇರುತ್ತದೆ. ಬಂದ ನೀರು ಅದರಲ್ಲಿ ತಂಗುತ್ತದೆ; ಪಂಪು ಅದನ್ನು ಆದಷ್ಟು ಸಮನಾಗಿ ಮುಂದಕ್ಕೆ ಕಳಿಸುತ್ತದೆ. ಆ ಪಂಪಿನ ವೇಗವನ್ನು ಯಾವಾಗ, ಎಷ್ಟು ಬದಲಿಸಬೇಕು? ಕಾರ್ಖಾನೆಗಳಲ್ಲಿ ಬಳಕೆಯಲ್ಲಿರುವ ಮಾಡೆಲ್ ಪ್ರೆಡಿಕ್ಟಿವ್ ಕಂಟ್ರೋಲ್ ಎಂಬ ವಿಧಾನವನ್ನು ಅರಿಯಲು ಈ ಪ್ರಶ್ನೆ ಚೆನ್ನಾಗಿ ಒದಗಿಬರುತ್ತದೆ. ಇದನ್ನು ನಾವು ಇಲ್ಲಿ 'ಮುನ್ನೋಟ ನಿಯಂತ್ರಣ' ಎಂದು ಕರೆಯೋಣ.

ಒಂದು ಘಟಕ, ನಾಲ್ಕು ಮಿತಿಗಳು

ಲೆಕ್ಕದ ಅನುಕೂಲಕ್ಕಾಗಿ ಒಂದು ಘಟಕವನ್ನು ಊಹಿಸಿಕೊಳ್ಳೋಣ. ತೊಟ್ಟಿಯ ಪೂರ್ಣ ಸಾಮರ್ಥ್ಯ 100 ಘನ ಮೀಟರ್, ಅಂದರೆ ಒಂದು ಲಕ್ಷ ಲೀಟರ್. ಅಂಚಿನವರೆಗೆ ತುಂಬಿಸುವುದು ಅಪಾಯವಾದ್ದರಿಂದ 90ನ್ನು ದಾಟಬಾರದೆಂದು ನಿಯಮ ಮಾಡಿಕೊಂಡಿದ್ದೇವೆ. 20ಕ್ಕಿಂತ ಕೆಳಗಿಳಿದರೆ ಪಂಪು ನೀರಿನ ಬದಲು ಗಾಳಿ ಎಳೆಯುತ್ತದೆ; ಇದು ಎರಡನೆಯ ಮಿತಿ. ಪಂಪು ಗಂಟೆಗೆ 30 ಘನ ಮೀಟರಿಗಿಂತ ಹೆಚ್ಚು ನೀರನ್ನು ಎತ್ತಲಾರದು, ಇದು ಮೂರನೆಯದು. ನಾಲ್ಕನೆಯದು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಹರಿವನ್ನು ಥಟ್ಟನೆ ಏರಿಸಿದರೆ ಮುಂದಿನ ತಿಳಿಗೊಳಿಸುವ ತೊಟ್ಟಿಯಲ್ಲಿ ತಳ ಸೇರಿದ್ದ ಕೆಸರು ಕದಡಿ ನೀರಿನೊಂದಿಗೆ ಹೊರಹೋಗುತ್ತದೆ. ಆ ಕೆಸರೇ ಬ್ಯಾಕ್ಟೀರಿಯಾಗಳ ಮನೆ. ಆದ್ದರಿಂದ ಪಂಪಿನ ಹರಿವನ್ನು ಒಂದು ಗಂಟೆಯಿಂದ ಮುಂದಿನ ಗಂಟೆಗೆ 4 ಘನ ಮೀಟರಿಗಿಂತ ಹೆಚ್ಚು ಬದಲಿಸುವಂತಿಲ್ಲ.

ಭಾನುವಾರ ಬೆಳಗಿನ 4 ಗಂಟೆ. ತೊಟ್ಟಿಯಲ್ಲಿ 50 ಘನ ಮೀಟರ್ ನೀರಿದೆ. ಪಂಪು ಗಂಟೆಗೆ 14ರಂತೆ ಓಡುತ್ತಿದೆ. ಹಿಂದಿನ ಭಾನುವಾರಗಳ ದಾಖಲೆಯಿಂದ ಮುಂದಿನ ಏಳು ಗಂಟೆಗಳಲ್ಲಿ ಒಳಬರುವ ನೀರು ಕ್ರಮವಾಗಿ 10, 12, 20, 36, 46, 46, 38 ಎಂದು ಅಂದಾಜಿಸಿದ್ದೇವೆ. ಒಟ್ಟು 208.

ಮಟ್ಟ ನೋಡಿ ನಡೆಸುವ ಕ್ರಮ

ಮೊದಲು ಸಾಮಾನ್ಯ ಕ್ರಮವನ್ನು ನೋಡೋಣ. ಮಟ್ಟ 50 ಇದ್ದರೆ ಹರಿವು 14 ಇರಲಿ. ಮಟ್ಟ 2 ಏರಿದಾಗ ಹರಿವು 1 ಏರಲಿ, ಇಳಿದಾಗ ಹಾಗೆಯೇ ಇಳಿಯಲಿ. ಗಂಟೆಗೊಮ್ಮೆ ಮಟ್ಟವನ್ನು ಅಳೆದು ಹರಿವನ್ನು ಈ ಸೂತ್ರದಂತೆ ಇಡುತ್ತೇವೆ. ಸೂತ್ರ 4ಕ್ಕಿಂತ ಹೆಚ್ಚು ಬದಲಾವಣೆ ಕೇಳಿದರೆ 4ಕ್ಕೇ ನಿಲ್ಲಿಸುತ್ತೇವೆ. ಕೆಳಗಿನ ಪಟ್ಟಿಯ ನಡುವಿನ ಎರಡು ಸಾಲುಕಂಬಗಳಲ್ಲಿ ಇದರ ಫಲವಿದೆ. ಕೊನೆಯ ಎರಡರ ವಿಚಾರವನ್ನು ಆಮೇಲೆ ನೋಡೋಣ.

| ಗಂಟೆ | ಒಳಹರಿವು | ಮಟ್ಟ ನೋಡಿ: ಹೊರಹರಿವು | ಕೊನೆಯ ಮಟ್ಟ | ಮುನ್ನೋಟ: ಹೊರಹರಿವು | ಕೊನೆಯ ಮಟ್ಟ |
|---|---|---|---|---|---|
| 4–5 | 10 | 14 | 46 | 17.5 | 42.5 |
| 5–6 | 12 | 12 | 46 | 20.5 | 34 |
| 6–7 | 20 | 12 | 54 | 23 | 31 |
| 7–8 | 36 | 16 | 74 | 25 | 42 |
| 8–9 | 46 | 20 | 100 | 26.5 | 61.5 |
| 9–10 | 46 | 24 | 100, ಉಕ್ಕಿದ್ದು 22 | 27.5 | 80 |
| 10–11 | 38 | 28 | 100, ಉಕ್ಕಿದ್ದು 10 | 28 | 90 |

9 ಗಂಟೆಗೆ ತೊಟ್ಟಿ ಅಂಚಿಗೆ ತುಂಬಿದೆ. ಆಮೇಲಿನ ಎರಡು ಗಂಟೆಗಳಲ್ಲಿ 32 ಘನ ಮೀಟರ್ ಕೊಳಚೆ ನೀರು ಹೊರಕ್ಕೆ ಚೆಲ್ಲಿದೆ. 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಇದು ಐದು ಟ್ಯಾಂಕರಿಗೂ ಹೆಚ್ಚು.

ಸೂತ್ರವನ್ನು ಇನ್ನಷ್ಟು ಚುರುಕುಗೊಳಿಸಿದರೆ ಸರಿಹೋದೀತೆಂದು ಅನ್ನಿಸಬಹುದು. ಪಟ್ಟಿಯನ್ನು ಮತ್ತೊಮ್ಮೆ ನೋಡಿ. 7 ಗಂಟೆಯಿಂದ ಹರಿವು ಪ್ರತಿ ಗಂಟೆಯೂ ಪೂರ್ತಿ 4ರಷ್ಟು ಏರಿದೆ. ಅದಕ್ಕಿಂತ ಚುರುಕಾಗಲು ಮಿತಿಯೇ ಬಿಡುವುದಿಲ್ಲ. ಹಾಗಾದರೆ ತಪ್ಪು ನಡೆದದ್ದು 7 ಗಂಟೆಯ ನಂತರವಲ್ಲ, ಅದಕ್ಕೂ ಮುಂಚೆ. 5ರಿಂದ 7ರವರೆಗೆ, ಪ್ರವಾಹ ಬರಲಿದ್ದ ಹೊತ್ತಿನಲ್ಲೇ, ಮಟ್ಟ 50ಕ್ಕಿಂತ ಕಡಿಮೆಯಿದೆಯೆಂದು ಸೂತ್ರ ಪಂಪಿನ ಹರಿವನ್ನು 12ಕ್ಕೆ ಇಳಿಸಿತು. ಈಗಿನ ಮಟ್ಟವನ್ನಷ್ಟೇ ಬಲ್ಲ ಸೂತ್ರಕ್ಕೆ ಮುಂದೆ ಬರುವ ಮಿತಿ ಕಾಣುವುದು ಅದಕ್ಕೆ ಹೋಗಿ ತಗುಲಿದ ಮೇಲೆಯೇ.

ಮುಂದಿನ ಏಳು ಗಂಟೆಗಳನ್ನು ಒಟ್ಟಿಗೆ ನೋಡುವುದು

ಮುನ್ನೋಟ ನಿಯಂತ್ರಣಕ್ಕೆ ಮೊದಲು ಬೇಕಾದದ್ದು ಒಂದು ಮಾದರಿ. ನಮ್ಮ ತೊಟ್ಟಿಗೆ ಅದು ಬಹಳ ಸರಳ: ಮುಂದಿನ ಮಟ್ಟವೆಂದರೆ ಈಗಿನ ಮಟ್ಟಕ್ಕೆ ಒಳಹರಿವನ್ನು ಕೂಡಿಸಿ ಹೊರಹರಿವನ್ನು ಕಳೆದದ್ದು.

L(k+1) = L(k) + w(k) − u(k)

ಇಲ್ಲಿ L ಮಟ್ಟ, w ಒಳಹರಿವು, u ಪಂಪಿನ ಹೊರಹರಿವು. ಏಳು ಗಂಟೆಗಳ ಏಳು ಹೊರಹರಿವುಗಳನ್ನು ನಾವು ಕೊಟ್ಟರೆ ಈ ಮಾದರಿ ಏಳು ಮಟ್ಟಗಳನ್ನು ಮುಂಚಿತವಾಗಿ ಹೇಳುತ್ತದೆ. ಈ ಏಳು ಗಂಟೆಗಳ ಅವಧಿಗೆ 'ದಿಗಂತ' ಎಂದು ಹೆಸರು. ಈಗ ಸಮಸ್ಯೆಯನ್ನು ಹೀಗೆ ಇಡಬಹುದು: ನಾಲ್ಕು ಮಿತಿಗಳಲ್ಲಿ ಒಂದನ್ನೂ ದಿಗಂತದ ಯಾವ ಗಂಟೆಯಲ್ಲೂ ಮುರಿಯದ ಯೋಜನೆಗಳಲ್ಲಿ, ಪಂಪಿನ ಹರಿವನ್ನು ಅತಿ ಕಡಿಮೆ ಅಲುಗಿಸುವ ಯೋಜನೆ ಯಾವುದು? 'ಅತಿ ಕಡಿಮೆ' ಎಂಬುದಕ್ಕೆ ಅಳತೆ ಬೇಕಲ್ಲ; ಗಂಟೆಗಂಟೆಯ ಬದಲಾವಣೆಗಳ ವರ್ಗಗಳ ಮೊತ್ತವನ್ನು ಅಳತೆಯಾಗಿ ತೆಗೆದುಕೊಳ್ಳೋಣ. ವರ್ಗ ಮಾಡುವುದರಿಂದ ಒಂದು ದೊಡ್ಡ ನೆಗೆತಕ್ಕಿಂತ ಹಲವು ಸಣ್ಣ ಹೆಜ್ಜೆಗಳು ಅಗ್ಗವಾಗುತ್ತವೆ.

ಗಣಕಯಂತ್ರ ಮಾಡುವ ಈ ಲೆಕ್ಕವನ್ನು ನಮ್ಮ ಉದಾಹರಣೆಯಲ್ಲಿ ಕೈಯಲ್ಲೇ ಮಾಡಬಹುದು. ಪಂಪು 14ರಲ್ಲೇ ಮುಂದುವರಿದರೆ ಏಳು ಗಂಟೆಗಳಲ್ಲಿ 98 ಹೊರಹೋಗುತ್ತದೆ. ಆಗ 11 ಗಂಟೆಯ ಮಟ್ಟ 50 + 208 − 98, ಅಂದರೆ 160 ಆಗಬೇಕಾಗುತ್ತಿತ್ತು. ಅದನ್ನು 90ಕ್ಕೆ ತರಲು ಹೆಚ್ಚುವರಿಯಾಗಿ 70 ಘನ ಮೀಟರನ್ನು ಹೊರಹಾಕಬೇಕು.

4 ಗಂಟೆಗೆ ಹರಿವನ್ನು 1 ಏರಿಸಿದರೆ ಅದರ ಲಾಭ ಏಳು ಗಂಟೆಯೂ ಸಿಗುತ್ತದೆ: ಒಟ್ಟು 7 ಘನ ಮೀಟರ್. 5 ಗಂಟೆಗೆ ಏರಿಸಿದ 1ಕ್ಕೆ ಸಿಗುವುದು 6. ಹೀಗೆ ಇಳಿಯುತ್ತ 10 ಗಂಟೆಗೆ ಏರಿಸಿದ 1ಕ್ಕೆ ಸಿಗುವುದು ಕೇವಲ 1. ಆದ್ದರಿಂದ ಬದಲಾವಣೆಗಳನ್ನು 7 : 6 : 5 : 4 : 3 : 2 : 1ರ ಅನುಪಾತದಲ್ಲಿ ಹಂಚಿದಾಗ ವರ್ಗಗಳ ಮೊತ್ತ ಕನಿಷ್ಠವಾಗುತ್ತದೆ. ಗಣಿತ ಶಿಕ್ಷಕರಿಗೆ ಇದರಲ್ಲಿ ಕೋಶಿ–ಶ್ವಾರ್ಟ್ಸ್ ಅಸಮತೆ ಕಂಡೀತು. ಈ ಸಂಖ್ಯೆಗಳ ವರ್ಗಗಳ ಮೊತ್ತ 140. ಬೇಕಾದ 70ನ್ನು 140ರಿಂದ ಭಾಗಿಸಿದರೆ 0.5. ಹಾಗಾಗಿ ಬದಲಾವಣೆಗಳು 3.5, 3, 2.5, 2, 1.5, 1, 0.5. ಇವನ್ನು 14ಕ್ಕೆ ಒಂದೊಂದಾಗಿ ಕೂಡಿಸುತ್ತ ಹೋದರೆ ಪಟ್ಟಿಯ ಐದನೆಯ ಸಾಲುಕಂಬ ಸಿಗುತ್ತದೆ.

ಇನ್ನು ಮಿತಿಗಳನ್ನು ಪರೀಕ್ಷಿಸೋಣ. ಯಾವ ಬದಲಾವಣೆಯೂ 4ನ್ನು ಮೀರಿಲ್ಲ. ಹರಿವು 28ಕ್ಕೇ ನಿಂತಿದೆ. ಮಟ್ಟ 31ಕ್ಕಿಂತ ಕೆಳಗಿಳಿದಿಲ್ಲ, 90ರ ಮೇಲೆ ಹೋಗಿಲ್ಲ. ಮುಂದಿನ ಮಿತಿಯನ್ನು ಮೊದಲೇ ಲೆಕ್ಕಕ್ಕೆ ತಂದದ್ದರಿಂದ, ತೊಟ್ಟಿ ಅರ್ಧವೂ ತುಂಬಿಲ್ಲದ ನಸುಕಿನಲ್ಲೇ ಪಂಪಿನ ವೇಗ ಏರಿತು. ಮಟ್ಟ ಮಾತ್ರ ನೋಡುವವರಿಗೆ ಇದು ವಿಚಿತ್ರವಾಗಿ ಕಂಡೀತು. ಪ್ರವಾಹಕ್ಕೆ ಜಾಗ ಮಾಡಿಕೊಟ್ಟದ್ದು ಅದೇ. ಇಲ್ಲಿ ಯಾವ ಮಿತಿಯನ್ನೂ ಉತ್ತರ ಬಂದ ಮೇಲೆ ಕತ್ತರಿಯಂತೆ ಪ್ರಯೋಗಿಸಿಲ್ಲ. ಉತ್ತರ ಹುಡುಕುವಾಗಲೇ ಅವೆಲ್ಲ ಸಮಸ್ಯೆಯ ಭಾಗವಾಗಿದ್ದವು. ಮುನ್ನೋಟ ನಿಯಂತ್ರಣದ ತಿರುಳು ಇದು.

ಯೋಜನೆ ಏಳು ಗಂಟೆಗೆ, ಜಾರಿ ಒಂದು ಗಂಟೆಗೆ

ಏಳು ಗಂಟೆಗಳ ಯೋಜನೆ ಸಿದ್ಧವಾಯಿತು. ಆದರೆ ಅದರಲ್ಲಿ ಜಾರಿಗೆ ಬರುವುದು ಮೊದಲ ಹೆಜ್ಜೆ ಮಾತ್ರ. 4 ಗಂಟೆಗೆ ಪಂಪನ್ನು 17.5ಕ್ಕೆ ಇಡುತ್ತೇವೆ. 5 ಗಂಟೆಗೆ ಮಟ್ಟವನ್ನು ಮತ್ತೆ ಅಳೆದು, ಉಳಿದ ಯೋಜನೆಯನ್ನು ಬದಿಗಿಟ್ಟು, 5ರಿಂದ 12ರವರೆಗಿನ ಏಳು ಗಂಟೆಗಳಿಗೆ ಹೊಸ ಯೋಜನೆ ಮಾಡುತ್ತೇವೆ. ನಾವು ನಡೆದಷ್ಟೂ ದಿಗಂತ ಮುಂದಕ್ಕೆ ಸರಿಯುವಂತೆ ಯೋಜನೆಯ ಅವಧಿಯೂ ಸರಿಯುತ್ತ ಹೋಗುತ್ತದೆ. 'ಸರಿಯುವ ದಿಗಂತ' ಎಂಬ ಹೆಸರು ಬಂದದ್ದು ಇದರಿಂದ.

ಇಷ್ಟು ಕಷ್ಟಪಟ್ಟು ಮಾಡಿದ ಯೋಜನೆಯನ್ನು ಬದಿಗಿಡುವುದು ಏಕೆ? ಮುನ್ನೋಟ ಹುಸಿಯಾಗಬಲ್ಲದು ಎಂಬುದಕ್ಕಾಗಿ. 5 ಗಂಟೆಗೆ ಮಟ್ಟ 42.5 ಇರಬೇಕಿತ್ತು, ಅಳೆದಾಗ 46 ಇದೆಯೆಂದುಕೊಳ್ಳಿ. 3.5 ಘನ ಮೀಟರ್ ಹೆಚ್ಚು ಬಂದಿದೆ. ಇದು ಆ ಗಂಟೆಯ ಆಕಸ್ಮಿಕವಷ್ಟೇ ಎಂದು ಬಗೆದರೆ ಹೊಸ ಲೆಕ್ಕ ಪಂಪನ್ನು 20.5ರ ಬದಲು ಸುಮಾರು 20.7ಕ್ಕೆ ಇಡಲು ಹೇಳುತ್ತದೆ. ಬರಬೇಕಾದ ಏರಿಕೆ ಆರು ಗಂಟೆಗಳ ಮೇಲೆ ಹಂಚಿಹೋಗುವುದರಿಂದ ತಿದ್ದುಪಡಿ ಅತ್ಯಲ್ಪ.

ಆದರೆ ರಾತ್ರಿ ಮಳೆ ಬಂದು ಒಳಚರಂಡಿಗೆ ನೀರು ಜಿನುಗುತ್ತಿದ್ದರೆ? ಆಗ ಈ 3.5 ಮುಂದಿನ ಪ್ರತಿ ಗಂಟೆಯೂ ಬರುತ್ತದೆ. ಅಳತೆಗೂ ಮುನ್ನೋಟಕ್ಕೂ ಇರುವ ಅಂತರವನ್ನು ಮುಂದಿನ ಗಂಟೆಗಳ ಮುನ್ನೋಟಕ್ಕೂ ಸೇರಿಸುವುದು ಕಾರ್ಖಾನೆಗಳಲ್ಲಿ ರೂಢಿಯಲ್ಲಿರುವ ಕ್ರಮ. ಹಾಗೆ ಮಾಡಿದರೆ ಹೊಸದೊಂದು ತೊಡಕು ಎದುರಾಗುತ್ತದೆ.

ಎಲ್ಲ ಮಿತಿಗಳೂ ಒಟ್ಟಿಗೆ ನಿಲ್ಲದಿದ್ದಾಗ

5ರಿಂದ 11ರವರೆಗಿನ ಆರು ಗಂಟೆಗಳಲ್ಲಿ ಅಂದಾಜಿನ ಒಳಹರಿವು 198. ಮಳೆಯ ಪಾಲು 21 ಸೇರಿದರೆ 219. ಪಂಪು 17.5ರಿಂದ ಹೊರಟು ಗಂಟೆಗೆ 4ರಂತೆ ಏರಿ 30ರಲ್ಲಿ ನಿಂತರೆ ಹೊರಹಾಕಬಹುದಾದದ್ದು 21.5 + 25.5 + 29.5 + 30 + 30 + 30, ಒಟ್ಟು 166.5. ಆಗ 11 ಗಂಟೆಯ ಮಟ್ಟ 46 + 219 − 166.5 = 98.5. ಪಂಪಿನ ಮಿತಿಗಳನ್ನು ಪಾಲಿಸಿದರೆ 90ರ ಮಿತಿ ಉಳಿಯುವುದಿಲ್ಲ. ಎಲ್ಲವನ್ನೂ ಪಾಲಿಸುವ ಯೋಜನೆ ಒಂದೂ ಇಲ್ಲ. ಇಂಥ ಹೊತ್ತಿನಲ್ಲಿ ಗಣಕದ ಕ್ರಮವಿಧಿ 'ಪರಿಹಾರವಿಲ್ಲ' ಎಂದು ಹೇಳಿ ಕೈಚೆಲ್ಲಿದರೆ, ನಿಯಂತ್ರಣ ಅತಿ ಅಗತ್ಯವಾದ ಗಳಿಗೆಯಲ್ಲೇ ಅದು ಇಲ್ಲದಂತಾಗುತ್ತದೆ.

ಆದ್ದರಿಂದ ಮಿತಿಗಳನ್ನು ಎರಡು ಬಗೆಯಾಗಿ ವಿಂಗಡಿಸುತ್ತಾರೆ. ಪಂಪಿನ 30 ಕಠಿಣ ಮಿತಿ. ಯಂತ್ರದ ಶಕ್ತಿಯೇ ಅಷ್ಟು, ಅದನ್ನು ಯಾರೂ ಸಡಿಲಿಸಲಾರರು. ಗಂಟೆಗೆ 4ರ ಬದಲಾವಣೆಯನ್ನೂ ನಾವು ಹಾಗೆಯೇ ಕಠಿಣವಾಗಿ ಇಟ್ಟಿದ್ದೇವೆ. 90 ಮಾತ್ರ ಮೃದು ಮಿತಿ. ಅಂಚಿಗೆ 10 ಘನ ಮೀಟರ್ ಅಂತರವಿರಲೆಂದು ನಾವೇ ಹಾಕಿಕೊಂಡ ಗೆರೆ. ಮೃದು ಮಿತಿಯನ್ನು ದಾಟಲು ಅವಕಾಶವಿದೆ, ಆದರೆ ದಾಟಿದ ಪ್ರಮಾಣಕ್ಕೆ ತಕ್ಕಂತೆ ಭಾರಿ ದಂಡ ಬೀಳುತ್ತದೆ. ಈ ದಂಡವನ್ನು ಕನಿಷ್ಠಗೊಳಿಸಬೇಕಾದ ಮೊತ್ತಕ್ಕೇ ಸೇರಿಸುತ್ತಾರೆ. ದಂಡ ಸಾಕಷ್ಟು ಭಾರವಾಗಿದ್ದರೆ ಬೇರೆ ದಾರಿ ಇದ್ದಾಗ ಗೆರೆ ದಾಟುವುದೇ ಇಲ್ಲ. ದಾರಿ ಇಲ್ಲದಾಗ ಆದಷ್ಟು ಕಡಿಮೆ ದಾಟುತ್ತದೆ.

ಮಳೆಯ ಭಾನುವಾರ ಅದು ಕೊಡುವ ಉತ್ತರ ಮೇಲಿನದೇ: ಪಂಪನ್ನು ಕೂಡಲೇ ಪೂರ್ತಿ ಏರಿಸುತ್ತ ಹೋಗು, ಮಟ್ಟ 98.5ರವರೆಗೆ ಹೋಗಲಿ. ಗೆರೆ ದಾಟಿತು, ಆದರೆ ತೊಟ್ಟಿ ಉಕ್ಕಲಿಲ್ಲ. ಇನ್ನೊಂದು ಪ್ರಯೋಜನವೂ ಇದೆ. 11 ಗಂಟೆಗೆ ಮಟ್ಟ 90ನ್ನು ದಾಟುತ್ತದೆಂಬುದು ಬೆಳಗಿನ 5ಕ್ಕೇ ತಿಳಿಯಿತು. ಬದಲಿ ಪಂಪನ್ನು ಸಿದ್ಧಪಡಿಸಿಕೊಳ್ಳಲು ನಿರ್ವಾಹಕರಿಗೆ ಆರು ಗಂಟೆ ಸಿಕ್ಕಿತು.

ಎಲ್ಲಿ ಎಡವುತ್ತದೆ, ಹೇಗೆ ಗುರುತಿಸುವುದು

ಮೊದಲ ತಪ್ಪು ಗಿಡ್ಡ ದಿಗಂತ. ಏಳರ ಬದಲು ಮೂರೇ ಗಂಟೆ ಮುಂದೆ ನೋಡುತ್ತೇವೆಂದುಕೊಳ್ಳಿ. 4 ಗಂಟೆಗೆ ಕಾಣುವುದು 7ರವರೆಗೆ. ಪಂಪು 14ರಲ್ಲೇ ಇದ್ದರೂ ಆಗ ಮಟ್ಟ 50. ತೊಂದರೆ ಕಾಣದೆ ಸುಮ್ಮನಿರುತ್ತೇವೆ. 5ಕ್ಕೂ ಅಷ್ಟೇ. 6 ಗಂಟೆಗೆ, ಮಟ್ಟ 44 ಇರುವಾಗ, 9ರ ಮುನ್ನೋಟ 104 ಎಂದು ತೋರಿಸಿ ಎಚ್ಚರಿಸುತ್ತದೆ. ಆ ಗಳಿಗೆಯಿಂದ ಪಂಪನ್ನು 18, 22, 26, 30, 30 ಎಂದು ಮಿತಿಯೊಳಗೆ ಸಾಧ್ಯವಾದಷ್ಟೂ ಏರಿಸಿದರೂ 11 ಗಂಟೆಗೆ ಲೆಕ್ಕದ ಮಟ್ಟ 104; ಅಂದರೆ ತೊಟ್ಟಿ ಉಕ್ಕುತ್ತದೆ. ಮಾದರಿ ಸರಿಯಿತ್ತು, ಗಣಿತವೂ ಸರಿಯಿತ್ತು, ನೋಟ ಸಾಲಲಿಲ್ಲ. ನಿಧಾನವಾಗಿ ಏರಿಸಲಷ್ಟೇ ಅವಕಾಶವಿರುವ ಯಂತ್ರಕ್ಕೆ ಹೆಚ್ಚು ದೂರದ ನೋಟ ಬೇಕು. ಹೊಸ ಯೋಜನೆಗಳು ಗಂಟೆ ಗಂಟೆಗೂ ಹಳೆಯವಕ್ಕಿಂತ ಹೆಚ್ಚು ಅವಸರದವಾಗುತ್ತ ಹೋದರೆ, ಒಳಹರಿವಿನ ಅಂದಾಜು ಸರಿಯಿದ್ದರೂ ಹಾಗಾಗುತ್ತಿದ್ದರೆ, ದಿಗಂತ ಗಿಡ್ಡವಾಗಿದೆಯೆಂದು ತಿಳಿಯಬೇಕು.

ಎರಡನೆಯದು ತಪ್ಪು ಮಾದರಿ. ಪಂಪಿನ ಬಾಯಿಗೆ ಬಟ್ಟೆಯ ಚೂರು, ಕೂದಲು ಸಿಕ್ಕಿಕೊಂಡು, 25 ಕಳಿಸೆಂದರೆ ಅದು 21 ಮಾತ್ರ ಕಳಿಸುತ್ತಿರಬಹುದು. ಆಗ ಅಳೆದ ಮಟ್ಟ ಮುನ್ನೋಟಕ್ಕಿಂತ ಪ್ರತಿ ಗಂಟೆಯೂ ಮೇಲೆಯೇ ಇರುತ್ತದೆ. ಅಂತರ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಇದ್ದರೆ ಅದು ಜನರ ಬಳಕೆಯ ಸಹಜ ಏರುಪೇರು. ಸದಾ ಒಂದೇ ಕಡೆಗಿದ್ದರೆ ಏನೋ ಕೆಟ್ಟಿದೆ. ಮಳೆಯ ನೀರೋ ಪಂಪಿನ ಅಡಚಣೆಯೋ ಎಂಬುದನ್ನು ಮಟ್ಟದ ಅಳತೆಯೊಂದೇ ಬೇರ್ಪಡಿಸಿ ಹೇಳಲಾರದು. ಅದಕ್ಕೆ ಪಂಪಿನ ಕೊಳವೆಯ ಮೇಲೊಂದು ಹರಿವಿನ ಮಾಪಕ ಬೇಕು.

ತೊಟ್ಟಿಯಿಂದ ತೈಲಾಗಾರಕ್ಕೆ

ಈ ವಿಧಾನ ಹುಟ್ಟಿ ಬೆಳೆದದ್ದು ತೈಲ ಮತ್ತು ರಾಸಾಯನಿಕ ಕಾರ್ಖಾನೆಗಳಲ್ಲಿ, 1970ರ ದಶಕದಲ್ಲಿ. ಫ್ರಾನ್ಸಿನಲ್ಲಿ ಜಾಕ್ ರಿಷಲೆ ಮತ್ತು ಸಂಗಡಿಗರು 1978ರಲ್ಲಿ ತಮ್ಮ ವಿಧಾನವನ್ನು ಪ್ರಕಟಿಸಿದರು. ಅಮೆರಿಕದ ಶೆಲ್ ತೈಲ ಕಂಪನಿಯ ಕಟ್ಲರ್ ಮತ್ತು ರಮೇಕರ್ 1979ರಲ್ಲಿ ತಮ್ಮದನ್ನು ಮಂಡಿಸಿದರು. ತೈಲಾಗಾರದಲ್ಲಿ ಅತಿ ಲಾಭದ ಸ್ಥಿತಿ ಸಾಮಾನ್ಯವಾಗಿ ಯಾವುದೋ ಮಿತಿಗೆ ಒತ್ತಿಕೊಂಡೇ ಇರುತ್ತದೆ: ಕುಲುಮೆಯ ಗರಿಷ್ಠ ತಾಪ, ಸಂಕೋಚಕದ ಗರಿಷ್ಠ ಸಾಮರ್ಥ್ಯ, ಉತ್ಪನ್ನದಲ್ಲಿ ಇರಬಹುದಾದ ಗರಿಷ್ಠ ಕಶ್ಮಲ. ಮಿತಿಗಳನ್ನು ಗಣಿತದೊಳಗೇ ಅಚ್ಚುಕಟ್ಟಾಗಿ ಸೇರಿಸಿದ ರೂಪವನ್ನು ಶೆಲ್‌ನ ಗಾರ್ಸಿಯಾ ಮತ್ತು ಮೊರ್ಶೆದಿ 1986ರಲ್ಲಿ ಪ್ರಕಟಿಸಿದರು. ಅದು ನಾವು ಮಾಡಿದ ಲೆಕ್ಕದ ಜಾತಿಯದೇ: ವರ್ಗಗಳ ಮೊತ್ತವನ್ನು ಅಸಮತೆಗಳ ನಡುವೆ ಕನಿಷ್ಠಗೊಳಿಸುವುದು. ವ್ಯತ್ಯಾಸವೆಂದರೆ ಅಲ್ಲಿ ಹತ್ತಾರು ಕವಾಟಗಳು ಹತ್ತಾರು ತಾಪ, ಒತ್ತಡಗಳನ್ನು ಒಟ್ಟಿಗೆ ಅಲುಗಿಸುತ್ತವೆ, ಲೆಕ್ಕ ಗಂಟೆಗೊಮ್ಮೆಯ ಬದಲು ನಿಮಿಷಕ್ಕೊಮ್ಮೆಯಂತೆ ನಡೆಯುತ್ತದೆ. ಆಗಿನ ಗಣಕಗಳು ನಿಧಾನ. ಆದರೆ ಆ ಕಾರ್ಖಾನೆಗಳ ಪ್ರಕ್ರಿಯೆಗಳೂ ನಿಧಾನವಾದದ್ದರಿಂದ ಮುಂದಿನ ಹೆಜ್ಜೆಗೆ ಮುನ್ನ ಲೆಕ್ಕ ಮುಗಿಯುತ್ತಿತ್ತು.

ತರಗತಿಯಲ್ಲಿ ಇದನ್ನು ಕಾಗದದ ಮೇಲೆ ಆಡಿಸಿ ನೋಡಬಹುದು. ಒಬ್ಬ ವಿದ್ಯಾರ್ಥಿ ಒಳಹರಿವಿನ ಅಂಕಿಗಳನ್ನು ಗುಟ್ಟಾಗಿ ಸ್ವಲ್ಪ ಬದಲಿಸಿಕೊಂಡು ಗಂಟೆಗೊಂದರಂತೆ ಹೇಳಲಿ. ಒಬ್ಬರು ಮಟ್ಟ ನೋಡಿ ಪಂಪು ನಡೆಸಲಿ. ಇನ್ನೊಬ್ಬರು ಮೂಲ ಅಂದಾಜನ್ನು ಎದುರಿಗಿಟ್ಟುಕೊಂಡು ಪ್ರತಿ ಗಂಟೆಯೂ ಹೊಸದಾಗಿ ಯೋಜಿಸಲಿ. ಇಬ್ಬರಿಗೂ ಪಂಪು ಒಂದೇ, ಮಿತಿಗಳೂ ಒಂದೇ. 7 ಗಂಟೆಗೆ ಅವರ ತೊಟ್ಟಿಗಳಲ್ಲಿ ಎಷ್ಟೆಷ್ಟು ಖಾಲಿ ಜಾಗವಿದೆಯೆಂದು ಹೋಲಿಸಿ ನೋಡಿದರೆ, 11 ಗಂಟೆಗೆ ಯಾರ ತೊಟ್ಟಿ ಉಕ್ಕುತ್ತದೆಂದು ಆಗಲೇ ಹೇಳಬಹುದು.